ಹೋಮ್‌ಸ್ಟೇ ಒಂದು, ಹಣ ಆರು ಜನರದ್ದು

ಸಕಲೇಶಪುರದ ಹೋಮ್‌ಸ್ಟೇ ಒಂದನ್ನು ಆರು ಗೆಳೆಯರು ಸೇರಿ ಹಿಡಿಯುತ್ತಾರೆ ಎಂದುಕೊಳ್ಳಿ. ಇಡೀ ಮನೆಗೆ 18,000 ರೂಪಾಯಿ, ತಲೆಗೆ 3,000. ಒಬ್ಬ ತನ್ನ ಕಾರ್ಡಿನಿಂದ ಅಷ್ಟನ್ನೂ ಕಟ್ಟುತ್ತಾನೆ, ಮೂವರು ತಕ್ಷಣ ಅವನಿಗೆ ಯುಪಿಐ ಮಾಡುತ್ತಾರೆ, ಇನ್ನಿಬ್ಬರು 'ಆಮೇಲೆ ಕೊಡ್ತೀವಿ' ಅನ್ನುತ್ತಾರೆ.

ಹಣ ಕಟ್ಟಿದವನ ಹೆಸರು, ಫೋನ್ ನಂಬರಿನಲ್ಲೇ ಬುಕಿಂಗ್ ಇರಲಿ. ಆನ್‌ಲೈನ್‌ನಲ್ಲಿ ರಿಫಂಡ್ ಸಾಮಾನ್ಯವಾಗಿ ಹಣ ಹೊರಟ ಕಾರ್ಡಿಗೇ ಮರಳುತ್ತದೆ. ಕಾರ್ಡ್ ಒಬ್ಬರದು, ಬುಕಿಂಗ್ ಇನ್ನೊಬ್ಬರದಾದರೆ ರದ್ದಾದ ಮೆಸೇಜ್ ಒಬ್ಬರಿಗೆ, ದುಡ್ಡು ಮತ್ತೊಬ್ಬರಿಗೆ ಹೋಗುತ್ತದೆ.

ಮಳೆ ಜೋರಾಗಿ ಪ್ರವಾಸವೇ ನಿಂತಿತು, ಷರತ್ತಿನ ಪ್ರಕಾರ ಅರ್ಧ ಹಣ, ಅಂದರೆ 9,000 ಮಾತ್ರ ವಾಪಸ್ ಬಂತು. ಎಡವಟ್ಟಾಗುವುದು ಇಲ್ಲೇ. ಬಂದದ್ದನ್ನು ಹಂಚಲು ಹೊರಡಬೇಡಿ, ಹೋದದ್ದನ್ನು ಹಂಚಿ. ನಷ್ಟ 9,000, ತಲೆಗೆ 1,500. ಕೊಟ್ಟಿದ್ದ ಮೂವರಿಗೆ ತಲಾ 1,500 ಮರಳಬೇಕು. ಕೊಡದ ಇಬ್ಬರು 'ಟ್ರಿಪ್ಪೇ ಆಗಲಿಲ್ಲವಲ್ಲ' ಎಂದು ಸುಮ್ಮನಿರುವಂತಿಲ್ಲ, ಅವರೂ ತಲಾ 1,500 ಕೊಡಬೇಕು. ಇಲ್ಲದಿದ್ದರೆ ಆ 3,000 ಮುಂದೆ ನಿಂತು ಹಣ ಕಟ್ಟಿದವನ ತಲೆಗೇ ಬೀಳುತ್ತದೆ, ಅದು ಅನ್ಯಾಯ.

ಒಬ್ಬನೇ ಹಿಂದೆ ಸರಿದರೆ ಲೆಕ್ಕ ಬೇರೆ. ಮನೆಯ ಬಾಡಿಗೆ ಇಳಿಯುವುದಿಲ್ಲವಾದ್ದರಿಂದ ಉಳಿದವರ ಪಾಲು 3,600ಕ್ಕೆ ಏರುತ್ತದೆ. ಬದಲಿಗೆ ಬೇರೆಯವರು ಸಿಗದಿದ್ದರೆ ಸರಿದವನೇ ತನ್ನ 3,000 ಬಿಟ್ಟುಕೊಡುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಊಟದ ಹಣ ಉಳಿದರೆ ಅದನ್ನು ಅವನಿಗೆ ಕೊಡಿ. ಈ ಮಾತನ್ನು ಹಣ ಕಟ್ಟುವ ಮೊದಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದು, ಪ್ರತಿಯೊಬ್ಬರಿಂದಲೂ 'ಸರಿ' ಅನ್ನಿಸಿಕೊಳ್ಳಿ.