ಹಬ್ಬಕ್ಕೆ ತುಂಬುವ ನಾಯಿಮನೆ

ದಾವಣಗೆರೆ, ಶಿವಮೊಗ್ಗದಂಥ ಬೆಳೆಯುತ್ತಿರುವ ಊರುಗಳಲ್ಲಿ ಸಾಕುನಾಯಿಗಳ ಆರೈಕೆಯನ್ನು ಮೂರು ಬಗೆಯ ಕಸುಬಾಗಿ ಮಾಡಬಹುದು: ವಾಕಿಂಗ್ ಕರೆದೊಯ್ಯುವುದು, ಮೈ ತೊಳೆದು ಕೂದಲು ಕತ್ತರಿಸುವ ಗ್ರೂಮಿಂಗ್, ಮನೆಯವರು ಊರಿಗೆ ಹೋದಾಗ ನಾಯಿಯನ್ನು ಇಟ್ಟುಕೊಳ್ಳುವ ಬೋರ್ಡಿಂಗ್. ಲಾಭ ಹೆಚ್ಚೆಂದು ಕಾಣುವುದು ಬೋರ್ಡಿಂಗ್‌ನಲ್ಲಿ. ಕೈ ಸುಟ್ಟುಕೊಳ್ಳುವುದೂ ಅಲ್ಲೇ.

ಆರು ನಾಯಿಗಳಿಗೆ ಜಾಗವಿರುವ ಬಾಡಿಗೆ ಮನೆಯಲ್ಲಿ ದಿನಕ್ಕೆ ತಲಾ 500 ರೂಪಾಯಿ ಎಂದಿಟ್ಟುಕೊಂಡರೆ, ದಸರೆಯ ಹತ್ತು ದಿನಕ್ಕೆ 30,000 ಬರುತ್ತದೆ. ಹಬ್ಬವಿಲ್ಲದ ತಿಂಗಳಲ್ಲಿ ವಾರದ ಕೊನೆಯ ಎರಡು ದಿನ ಎರಡೇ ನಾಯಿ ಬಂದರೆ ಸಿಗುವುದು 8,000. ಬಾಡಿಗೆ ಕಟ್ಟಿ ಸಹಾಯಕರಿಗೆ ಕೊಡುವಷ್ಟರಲ್ಲಿ ಅದು ಮುಗಿಯುತ್ತದೆ. ಆ ತಿಂಗಳುಗಳನ್ನು ದಾಟಿಸುವುದು ವಾಕಿಂಗ್. ಆದರೆ ಬೇಸಿಗೆಯಲ್ಲಿ ಎಂಟೂವರೆಯ ಹೊತ್ತಿಗೆ ಡಾಂಬರು ಕಾದು ಅಂಗಾಲು ಸುಡುತ್ತದೆ. ಆರಕ್ಕೆ ಹೊರಟರೂ ಅರ್ಧ ಗಂಟೆಗೊಂದರಂತೆ ಐದು ನಾಯಿಗಿಂತ ಹೆಚ್ಚು ಆಗದು.

ಬೋರ್ಡಿಂಗ್‌ನ ದೊಡ್ಡ ಭಯ ಪಾರ್ವೊ. ವಾಂತಿ, ನಾರುವ ರಕ್ತಭೇದಿ ತರುವ ಈ ವೈರಸ್ ಮರಿಗಳನ್ನು ಬೇಗ ಕೊಲ್ಲುತ್ತದೆ. ಲಕ್ಷಣ ಕಾಣುವ ಮೊದಲೇ ಮಲದಲ್ಲಿ ಹೊರಬೀಳುವುದರಿಂದ ಚೆನ್ನಾಗಿ ಆಡಿಕೊಂಡಿರುವ ಮರಿಯೇ ಅದನ್ನು ಹೊತ್ತು ತರಬಹುದು. ಬಂದ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ನಾಯಿಗಳ ಜಾಗಕ್ಕೆ ಸಿಮೆಂಟ್ ಅಥವಾ ಟೈಲ್ಸ್ ನೆಲವೇ ಆಗಬೇಕು. ಮಾಮೂಲಿ ಫಿನಾಯಿಲ್ ನೀರನ್ನು ನಂಬುವಂತಿಲ್ಲ. ಮೊದಲು ಹೊಲಸು ಬಳಿದು, ಸೋಪಿನಿಂದ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆಲ ಒದ್ದೆಯಾಗಿರುವಂತೆ ಬಿಡಬೇಕು. ಹೊಲಸಿನ ಮೇಲೆಯೇ ಸುರಿದ ಬ್ಲೀಚು ಸುರಿದ ನೀರಿಗೆ ಸಮ.

ಇದಕ್ಕಿಂತ ಅಗ್ಗದ ಉಪಾಯ ಗೇಟಿನಲ್ಲೇ ಇದೆ. ಲಸಿಕೆ ಪುಸ್ತಕ ತೆರೆದು ರೇಬಿಸ್ ಮತ್ತು ಪಾರ್ವೊ ಲಸಿಕೆಗಳ ತಾರೀಖು ನೋಡಬೇಕು. ನಿನ್ನೆ ಹಾಕಿಸಿದ ಲಸಿಕೆ ಇವತ್ತೇ ಕಾಯುವುದಿಲ್ಲ, ಎರಡು ವಾರವಾದರೂ ಕಳೆದಿರಬೇಕು. ಲಸಿಕೆಯ ಸರಣಿ ಮುಗಿಯದ ಮರಿಯನ್ನು, ಮಾಲೀಕರು ಪರಿಚಯದವರಾದರೂ, ವಾಪಸು ಕಳಿಸಬೇಕಾಗುತ್ತದೆ. ಇದೇ ಕಷ್ಟದ ಕೆಲಸ. ಆಮೇಲೆ ಕಿವಿಯೊಳಗೆ, ಬೆರಳುಸಂದಿಯಲ್ಲಿ ಉಣ್ಣೆ ಇದೆಯೇ ಎಂದು ನೋಡಬೇಕು. ಉಣ್ಣೆಯಿಂದ ಹರಡುವ ಜ್ವರವೂ ಮಾರಕವೇ. ಮನೆಯ ಊಟವನ್ನೇ ಕಟ್ಟಿಸಿಕೊಳ್ಳುವುದು ಒಳ್ಳೆಯದು. ತಿನಿಸು ದಿಢೀರನೆ ಬದಲಾದರೆ ಭೇದಿಯಾಗುತ್ತದೆ, ಆಗ ಅದು ಊಟದ್ದೋ ಪಾರ್ವೊದ್ದೋ ತಿಳಿಯದೆ ಒದ್ದಾಡಬೇಕು.

ಗ್ರೂಮಿಂಗ್‌ಗೆ ಟೇಬಲ್, ಡ್ರೈಯರ್, ತಾಳ್ಮೆ ಸಾಕು. ಆದರೆ ಬೇಸಿಗೆ ಬಂತೆಂದು ಪೊಮೆರೇನಿಯನ್‌ನಂಥ ಎರಡು ಪದರದ ಕೂದಲಿನ ನಾಯಿಯನ್ನು ಬೋಳಿಸಬಾರದು. ಕೂದಲು ಮತ್ತೆ ಸರಿಯಾಗಿ ಬರದೇ ಹೋಗಬಹುದು.

ದೀಪಾವಳಿಯ ರಾತ್ರಿ ಪಟಾಕಿ ಸದ್ದಿಗೆ ಬೆದರಿದ ನಾಯಿ ತೆರೆದ ಗೇಟಿನತ್ತಲೇ ನುಗ್ಗುತ್ತದೆ. ಒಳಗೊಂದು, ಹೊರಗೊಂದು ಬಾಗಿಲಿದ್ದು, ಒಂದು ಹಾಕಿದ ಮೇಲೆಯೇ ಇನ್ನೊಂದು ತೆರೆಯುವ ರೂಢಿ ಬೇಕು. ಮಾಲೀಕರ ಫೋನು ಸಿಗದಿದ್ದರೆ ಯಾವ ಪಶುವೈದ್ಯರ ಬಳಿ ಒಯ್ಯಬೇಕು, ಎಷ್ಟರವರೆಗೆ ಖರ್ಚು ಮಾಡಬಹುದು ಎಂಬುದನ್ನು ನಾಯಿ ಬಿಟ್ಟುಹೋಗುವಾಗಲೇ ಬರೆಸಿ ಸಹಿ ಹಾಕಿಸಿಕೊಳ್ಳಬೇಕು.