ತಪ್ಪು ನಿಮ್ಮ ಹಳೆ ಫೋನಿನದಲ್ಲ

ರಾತ್ರಿ ಅಪ್‌ಡೇಟ್ ಆದ ಆ್ಯಪ್ ಬೆಳಿಗ್ಗೆ ಸರಿಯಾಗಿಯೇ ತೆರೆದುಕೊಳ್ಳುತ್ತದೆ. ಆದರೆ ಯಾವುದೋ ಒಂದು ಬಟನ್ ಒತ್ತಿದ ಕೂಡಲೇ ತಟ್ಟನೆ ಮುಚ್ಚಿಹೋಗುತ್ತದೆ. ಪಕ್ಕದವರ ಹೊಸ ಫೋನಿನಲ್ಲಿ ಅದೇ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ‘ಫೋನ್ ಹಳೇದಾಯ್ತು, ಬದಲಾಯಿಸಿ’ ಎಂಬ ಸಲಹೆ ಬಂದೇ ಬರುತ್ತದೆ. ಆದರೆ ಇಂಥ ಕಡೆ ಫೋನು ಕೆಟ್ಟಿರುವುದಿಲ್ಲ. ತನ್ನ ಬಳಿ ಇಲ್ಲದ ಸೌಲಭ್ಯವನ್ನು ಆ್ಯಪ್ ಕೇಳಿದ್ದಕ್ಕೆ ಅದು ಕೈಚೆಲ್ಲಿರುತ್ತದೆ, ಅಷ್ಟೇ.

ಆಂಡ್ರಾಯ್ಡ್‌ನ ಪ್ರತಿ ಆವೃತ್ತಿಗೂ ಡೆವಲಪರ್‌ಗಳ ಲೆಕ್ಕದಲ್ಲಿ ಒಂದು ಸಂಖ್ಯೆಯಿದೆ. ಆಂಡ್ರಾಯ್ಡ್ 14 ಎಂದರೆ 34, ಆಂಡ್ರಾಯ್ಡ್ 15 ಎಂದರೆ 35. ಆ್ಯಪ್ ತಯಾರಿಸುವಾಗ ಇಂಥ ಎರಡು ಸಂಖ್ಯೆಗಳನ್ನು ಬರೆದಿಡಬೇಕು. `minSdk` ಎಂಬುದು ಆ್ಯಪನ್ನು ಎಷ್ಟು ಹಳೆಯ ಆಂಡ್ರಾಯ್ಡ್‌ವರೆಗೆ ಹಾಕಿಕೊಳ್ಳಬಹುದು ಎಂದು ಹೇಳುತ್ತದೆ. `compileSdk` ಎಂಬುದು ಯಾವ ಆವೃತ್ತಿಯ ಸೌಲಭ್ಯಗಳ ಪಟ್ಟಿ ನೋಡಿಕೊಂಡು ಆ್ಯಪ್ ಕಟ್ಟಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಎಡವಟ್ಟು ಆಗುವುದು ಈ ಎರಡರ ನಡುವಿನ ಅಂತರದಲ್ಲಿ.

2024ರಲ್ಲಿ ಆಂಡ್ರಾಯ್ಡ್ 15 ಬಂದಾಗ ಆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಬರೆಯಲು ಹೆಚ್ಚಾಗಿ ಬಳಸುವ ಕಾಟ್ಲಿನ್ ಭಾಷೆಯಲ್ಲಿ, ಪಟ್ಟಿಯ ಮೊದಲ ಸಾಲನ್ನು ತೆಗೆದುಹಾಕಲು `removeFirst()` ಎಂಬ ಆಜ್ಞೆಯಿದೆ. ಅದನ್ನು ನಡೆಸುವ ಕೋಡ್ ಕಾಟ್ಲಿನ್‌ನದೇ ಆಗಿದ್ದರಿಂದ ಆ್ಯಪ್ ಜೊತೆಗೇ ಫೋನಿಗೆ ಹೋಗುತ್ತಿತ್ತು. ಆಂಡ್ರಾಯ್ಡ್ 15 ಅದೇ ಹೆಸರಿನ ಸೌಲಭ್ಯವನ್ನು ಫೋನಿನೊಳಗೇ ಸೇರಿಸಿತು. ಎರಡೂ ಇದ್ದಾಗ ವ್ಯವಸ್ಥೆಯದಕ್ಕೇ ಮೊದಲ ಮಣೆ ಎಂಬುದು ಕಾಟ್ಲಿನ್‌ನ ನಿಯಮ. ಹಾಗಾಗಿ `compileSdk` 35ಕ್ಕೆ ಏರಿಸಿ ಆ್ಯಪನ್ನು ಮತ್ತೆ ಕಟ್ಟಿದಾಗ, ಡೆವಲಪರ್ ಒಂದಕ್ಷರ ತಿದ್ದದಿದ್ದರೂ ಅದೇ ಸಾಲಿನ ಅರ್ಥ ಬದಲಾಯಿತು. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವರು, ಹೋದ ಮನೆಯಲ್ಲೇ ಊಟ ಸಿಗುತ್ತದೆಂದು ಬರಿಗೈಲಿ ಹೊರಟಂತಾಯಿತು. ಆಂಡ್ರಾಯ್ಡ್ 15ರ ಮನೆಯಲ್ಲಿ ಊಟವಿತ್ತು, 14ರಲ್ಲಿ ಒಲೆಯೇ ಹೊತ್ತಿರಲಿಲ್ಲ.

ಹೋಟೆಲೊಂದರ ಆರ್ಡರ್ ಆ್ಯಪ್ ಇದೆ ಎಂದುಕೊಳ್ಳಿ. ಆಂಡ್ರಾಯ್ಡ್ 7ರಿಂದ ಈಚಿನ ಎಲ್ಲ ಫೋನಿನಲ್ಲೂ ಅದು ಕೂರುತ್ತದೆ. ಅಡುಗೆಮನೆಯಲ್ಲಿರುವವರು ‘ಮುಂದಿನ ಆರ್ಡರ್’ ಒತ್ತಿದಾಗ ಪಟ್ಟಿಯ ಮೊದಲನೆಯದು ಹೋಗಬೇಕು. ಆಂಡ್ರಾಯ್ಡ್ ಆ ಸಾಲನ್ನು ಹುಡುಕುವುದು ಅದನ್ನು ನಡೆಸುವ ಹೊತ್ತು ಬಂದಾಗ ಮಾತ್ರ. ಆದ್ದರಿಂದ ಆ್ಯಪ್ ತೆರೆದುಕೊಳ್ಳುತ್ತದೆ, ಆರ್ಡರ್‌ಗಳೂ ಕಾಣುತ್ತವೆ. ಬಟನ್ ಒತ್ತಿದ ಮೇಲಷ್ಟೇ ಬೀಳುತ್ತದೆ. ಡೆವಲಪರ್‌ಗೆ ಹೋಗುವ ವರದಿಯಲ್ಲಿ ಹೀಗಿರುತ್ತದೆ:

```
java.lang.NoSuchMethodError: No virtual method
removeFirst()Ljava/lang/Object; in class Ljava/util/ArrayList;
```

ಆ ಹೆಸರಿನ ಆಜ್ಞೆ ಇಲ್ಲಿಲ್ಲ ಎಂಬುದೇ ಇದರ ಸಾರ. ಕಾರಣ ಇದೇ ಎಂದು ಖಚಿತಪಡಿಸಿಕೊಳ್ಳುವುದೂ ಕಷ್ಟವಲ್ಲ. ಪ್ಲೇ ಕನ್ಸೋಲ್‌ನಲ್ಲಿ ಈ ಕ್ರ್ಯಾಶ್‌ಗಳನ್ನು ಆಂಡ್ರಾಯ್ಡ್ ಆವೃತ್ತಿಯ ಪ್ರಕಾರ ವಿಂಗಡಿಸಿದರೆ 14, 13, 12ರಲ್ಲಿ ಸಾಲುಸಾಲು ದೂರು, 15ರಲ್ಲಿ ಒಂದೂ ಇಲ್ಲ. ಕಂಪನಿ, ಬೆಲೆ, ರ್‍ಯಾಮ್ ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. 14ರಲ್ಲೇ ಉಳಿದ ದುಬಾರಿ ಫೋನಿನಲ್ಲಿ ಆ್ಯಪ್ ಬೀಳುತ್ತದೆ, 15 ಹಾಕಿಕೊಂಡ ಅಗ್ಗದ ಫೋನಿನಲ್ಲಿ ನಡೆಯುತ್ತದೆ.

ಹಳೆಯ ಸಂಖ್ಯೆಯಲ್ಲೇ ಉಳಿದುಬಿಡಬಹುದಿತ್ತಲ್ಲ ಎಂದರೆ ಅದಕ್ಕೂ ಅವಕಾಶವಿಲ್ಲ. 2025ರ ಆಗಸ್ಟ್ 31ರಿಂದ ಪ್ಲೇ ಸ್ಟೋರ್‌ಗೆ ಬರುವ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ ಹೊಂದಿಕೊಂಡಿರಬೇಕೆಂದು ಗೂಗಲ್ ನಿಯಮ ಮಾಡಿತು. ಪರಿಹಾರ ಮಾತ್ರ ಸಣ್ಣದು. `removeFirst()` ಬದಲು `removeAt(0)` ಎಂದು ಬರೆದರೆ ಸಾಕು. ಅದು ಎಲ್ಲ ಆವೃತ್ತಿಯಲ್ಲೂ ಇದೆ. ಕೋಡ್ ತಪಾಸಣೆ ಮಾಡುವ ಲಿಂಟ್ ಕೂಡ `NewApi` ಎಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಕಡೆಗಣಿಸಿ, ಹೊಸ ಫೋನಿನಲ್ಲಷ್ಟೇ ಪರೀಕ್ಷಿಸಿ ಬಿಟ್ಟ ಅಪ್‌ಡೇಟುಗಳೇ ಹೀಗೆ ಕೈಕೊಡುವುದು. `minSdk`ನಲ್ಲಿ ಬರೆದ ಆವೃತ್ತಿಯಲ್ಲೂ ಒಮ್ಮೆ ಓಡಿಸಿ, ಮೊದಲು ಕೆಲವೇ ಬಳಕೆದಾರರಿಗೆ ಬಿಟ್ಟು ನೋಡಿದರೆ ಹಾನಿ ಅಲ್ಲಿಗೇ ನಿಲ್ಲುತ್ತದೆ.

ಬಳಕೆದಾರರು ಇಲ್ಲಿ ಮಾಡಬಹುದಾದದ್ದು ಕಡಿಮೆ, ಮಾಡಬಾರದ್ದು ಹೆಚ್ಚು. ಕ್ಯಾಶ್ ಅಳಿಸಿದರೆ ಪ್ರಯೋಜನವಿಲ್ಲ, ಇಲ್ಲದ ಸೌಲಭ್ಯ ಅದರಿಂದ ಬರುವುದಿಲ್ಲ. ಆ್ಯಪ್ ತೆಗೆದು ಮತ್ತೆ ಹಾಕಿಕೊಂಡರೆ ಅದೇ ಕೆಟ್ಟ ಆವೃತ್ತಿ ಬರುತ್ತದೆ. ಫೋನಿನಲ್ಲಷ್ಟೇ ಉಳಿಸಿದ್ದ ಮಾಹಿತಿ ಅಳಿಸಿಹೋಗುವ ಅಪಾಯ ಬೇರೆ. ಹಳೆಯ ಆವೃತ್ತಿ ಸಿಗುತ್ತದೆಂದು ಗೊತ್ತಿಲ್ಲದ ಜಾಗಗಳಿಂದ ಇಳಿಸಿಕೊಳ್ಳಬೇಡಿ. ಫೋನಿಗೆ ಆಂಡ್ರಾಯ್ಡ್ ಅಪ್‌ಡೇಟ್ ಬಂದಿದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ನಿಮ್ಮ ಆಂಡ್ರಾಯ್ಡ್ ಆವೃತ್ತಿ ನೋಡಿ, ಯಾವ ಬಟನ್ ಒತ್ತಿದಾಗ ಬಿತ್ತು ಎಂಬುದನ್ನೂ ಸೇರಿಸಿ ಆ್ಯಪ್‌ನವರಿಗೆ ಬರೆಯಿರಿ. ‘ಆ್ಯಪ್ ಸರಿಯಿಲ್ಲ’ ಎಂಬ ನೂರು ದೂರಿಗಿಂತ ಈ ಎರಡು ವಿವರಗಳಿರುವ ಒಂದು ದೂರು ಬೇಗ ಕೆಲಸ ಮಾಡಿಸುತ್ತದೆ.