ಅಪ್‌ಡೇಟ್ ಬಂತು, ವೈಫೈ ಹೋಯ್ತು

ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್’ ಎಂಬ ಪದ ಕಂಡರೆ ಸಾಕು, ಹೆಚ್ಚಿನವರ ಎದೆ ಧಸಕ್ಕೆನ್ನುತ್ತದೆ. ಆ ಭಯ ಸುಳ್ಳೇನಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಬರೀ ವೈಫೈ, ಬ್ಲೂಟೂತ್‌ಗಳ ನೆನಪನ್ನು ಅಳಿಸುವ ಆಯ್ಕೆಯೂ ಇಡೀ ಫೋನನ್ನೇ ತೊಳೆದುಹಾಕುವ Erase all data ಎಂಬ ಆಯ್ಕೆಯೂ ಒಂದೇ ಪರದೆಯಲ್ಲಿ ಮೇಲೆ ಕೆಳಗೆ ಇರುತ್ತವೆ. ಬೆರಳು ಒಂದು ಸಾಲು ಕೆಳಗೆ ಜಾರಿದರೆ ಕಥೆಯೇ ಬೇರೆ. ಫೋನ್ ತಯಾರಕರು ಇವೆರಡನ್ನು ಅಕ್ಕಪಕ್ಕ ಇಟ್ಟದ್ದೇಕೆ ಎಂಬುದು ನನಗಂತೂ ಈವರೆಗೆ ಅರ್ಥವಾಗಿಲ್ಲ.

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅತ್ತಿಗೆಗೆ ಈ ಪರದೆಯ ಮುಂದೆ ನಿಲ್ಲುವ ಪ್ರಸಂಗ ಕಳೆದ ಮಳೆಗಾಲದಲ್ಲಿ ಬಂತು. ಅವರ ಮನೆ ಗುಡ್ಡದ ಮಗ್ಗುಲಲ್ಲಿದೆ, ಮೊಬೈಲ್ ಸಿಗ್ನಲ್ ಇಲ್ಲ. ಮನೆಗೆ ಬಂದಿರುವ ಫೈಬರ್ ಇಂಟರ್ನೆಟ್ಟಿನ ಮೇಲೆ ವೈಫೈ ಕಾಲಿಂಗ್ ಇದ್ದರಷ್ಟೇ ಫೋನ್ ರಿಂಗಾಗುತ್ತದೆ. ರಾತ್ರಿ ಫೋನ್ ತಾನೇ ಅಪ್‌ಡೇಟ್ ಮಾಡಿಕೊಂಡಿತು. ಬೆಳಿಗ್ಗೆ ನೋಡಿದರೆ ಮನೆಯ ವೈಫೈ ಹೆಸರಿನ ಕೆಳಗೆ Saved ಎಂದಷ್ಟೇ ಇದೆ. ಒತ್ತಿದರೆ ಒಂದು ಕ್ಷಣ ಒದ್ದಾಡಿ ಮತ್ತೆ Saved. ಅವರು ಕಲಿಸುವ ಶಾಲೆಯ ವೈಫೈಗೂ ಅದೇ ಗತಿ. ಅಣ್ಣನ ಫೋನಿನಿಂದ ಕರೆ ಮಾಡಿ, “ಯಾರೋ ರೀಸೆಟ್ ಮಾಡಿ ಅಂದ್ರು. ಫೋಟೋ ಎಲ್ಲ ಹೋಗ್ತದಾ?” ಎಂದು ಕೇಳಿದರು.

ಫೋಟೋ ಹೋಗುವುದಿಲ್ಲ. ಆದರೆ ರೀಸೆಟ್ ಬೇಕೇ ಎಂಬುದನ್ನು ಮೊದಲು ತಿಳಿಯಬೇಕು. ಹಾಗಾಗಿ ನಾನು ಅವರನ್ನೇ ಒಂದಷ್ಟು ಪ್ರಶ್ನೆ ಕೇಳಿದೆ.

ತಪ್ಪು ಫೋನಿನದೋ ರೌಟರಿನದೋ? ಅಣ್ಣನ ಫೋನ್ ಅದೇ ವೈಫೈಗೆ ಸರಾಗವಾಗಿ ಸೇರುತ್ತಿತ್ತು. ಅಣ್ಣನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿಸಿದೆ. ಅತ್ತಿಗೆಯ ಫೋನ್ ಅದಕ್ಕೂ ಸೇರಲಿಲ್ಲ. ಅಲ್ಲಿಗೆ ರೌಟರ್ ನಿರಪರಾಧಿ.

ವೈಫೈ ಗುಂಡಿ ಆನ್ ಆಗುತ್ತದೆಯೇ, ಸುತ್ತಲಿನ ನೆಟ್‌ವರ್ಕ್‌ಗಳ ಹೆಸರು ಕಾಣುತ್ತವೆಯೇ? ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಫೋನಿನೊಳಗಿನ ವೈಫೈ ಚಿಪ್ಪಿಗೆ ತನ್ನದೇ ಆದ ಪುಟ್ಟ ತಂತ್ರಾಂಶವಿದೆ. ಫೋನಿನ ಸಿಸ್ಟಮ್ ಅದನ್ನು ಚಿಪ್ಪಿಗೆ ತುಂಬಿದರೆ ಮಾತ್ರ ಚಿಪ್ ಎಚ್ಚರಗೊಳ್ಳುತ್ತದೆ. ಅಪ್‌ಡೇಟಿನಲ್ಲಿ ಅದೇ ಕೆಟ್ಟಿದ್ದರೆ, ಅಥವಾ ಮೊದಲೇ ಸೊರಗಿದ್ದ ಚಿಪ್ ಅಪ್‌ಡೇಟಿನ ಬಿಸಿಯಲ್ಲಿ ಕೈಕೊಟ್ಟಿದ್ದರೆ, ಗುಂಡಿ ಆನ್ ಆಗುವುದೇ ಇಲ್ಲ. ಬೂದುಬಣ್ಣಕ್ಕೆ ತಿರುಗಿ ಕೂತಿರುತ್ತದೆ. ಇನ್ನೊಂದು ಗುರುತೂ ಇದೆ. ಸೆಟ್ಟಿಂಗ್ಸ್‌ನಲ್ಲಿ About ಪುಟದೊಳಗೆ ಫೋನಿನ ವೈಫೈ ವಿಳಾಸವಿರುತ್ತದೆ, ಎರಡೆರಡು ಅಕ್ಷರಗಳ ಆರು ಜೋಡಿ. ಆ ಜಾಗದಲ್ಲಿ Unavailable, N/A ಅಥವಾ 02:00:00:00:00:00 ಎಂದಿದ್ದರೆ ಸಿಸ್ಟಮ್ಮಿಗೆ ಚಿಪ್ಪಿನ ಪರಿಚಯವೇ ಆಗಿಲ್ಲ ಎಂದು ತಿಳಿಯಬಹುದು. ನೆಟ್‌ವರ್ಕ್ ರೀಸೆಟ್ ಈ ಕಾಯಿಲೆಯನ್ನು ಮುಟ್ಟುವುದೂ ಇಲ್ಲ. ಅತ್ತಿಗೆಯ ಫೋನಿನಲ್ಲಿ ಗುಂಡಿ ಆನ್ ಆಗುತ್ತಿತ್ತು, ಪಕ್ಕದ ಮನೆಯ ವೈಫೈ ಹೆಸರೂ ಕಾಣುತ್ತಿತ್ತು. ಚಿಪ್ ಬದುಕಿದೆ.

ಸೇರುವುದೇ ಇಲ್ಲವೋ, ಸೇರಿದ ಮೇಲೆ ಇಂಟರ್ನೆಟ್ ಇಲ್ಲವೋ? ನಮಗೆ ಎರಡೂ ಒಂದೇ ಅನ್ನಿಸುತ್ತದೆ, ಆದರೆ ಕಾರಣಗಳು ಬೇರೆ. ವೈಫೈಗೆ ಸೇರಿದ ಕೂಡಲೇ ಫೋನ್ ಒಂದು ನಿಗದಿತ ಸರ್ವರಿನಿಂದ ಚಿಕ್ಕ ಉತ್ತರ ತರಿಸಿಕೊಂಡು ಇಂಟರ್ನೆಟ್ ಇದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತದೆ. ಉತ್ತರ ಬರದಿದ್ದರೆ Connected without internet ಎನ್ನುತ್ತದೆ. 2012ರ ಸೆಪ್ಟೆಂಬರ್ 19ರಂದು ಐಓಎಸ್ 6 ಬಿಡುಗಡೆಯಾದ ದಿನ ಆಪಲ್‌ನ ಸರ್ವರಿನಲ್ಲಿ ಆ ಪರೀಕ್ಷೆಯ ಪುಟವೇ ಕಾಣೆಯಾಗಿತ್ತು. ಹೊಸದಾಗಿ ಅಪ್‌ಡೇಟ್ ಆದ ಐಫೋನುಗಳು ಮನೆಯ ವೈಫೈಯನ್ನೂ ಹೋಟೆಲಿನ ಲಾಗಿನ್ ಕೇಳುವ ವೈಫೈ ಎಂದು ತಿಳಿದು, ‘ಪುಟ ಸಿಗಲಿಲ್ಲ’ ಎಂಬ ಪರದೆ ತೋರಿಸಿ ನಿಂತವು. ಅಂದು ಎಷ್ಟು ಸಲ ರೀಸೆಟ್ ಮಾಡಿದ್ದರೂ ಪ್ರಯೋಜನವಿರಲಿಲ್ಲ. ಆಪಲ್ ಪುಟವನ್ನು ಮತ್ತೆ ಜಾಗಕ್ಕಿಟ್ಟಾಗಲೇ ಸರಿಹೋಯಿತು. ಅದೇನೋ ಅಪರೂಪದ ಪ್ರಸಂಗ. ಇಂದು ಸೇರಿಯೂ ಇಂಟರ್ನೆಟ್ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು ಮೂರು: ದಿನಾಂಕ, ಸಮಯ ಸರಿಯಿದೆಯೇ, ಯಾವುದಾದರೂ ವಿಪಿಎನ್ ಆನ್ ಆಗಿದೆಯೇ, ಆಂಡ್ರಾಯ್ಡ್‌ನ Private DNS ಎಂಬ ಜಾಗದಲ್ಲಿ ಯಾರಾದರೂ ಜಾಹೀರಾತು ತಡೆಯಲೆಂದು ಯಾವುದೋ ವಿಳಾಸ ತುಂಬಿದ್ದಾರೆಯೇ. ಆ ವಿಳಾಸ ಸತ್ತಿದ್ದರೆ ಯಾವ ವೈಫೈಗೆ ಹೋದರೂ ಇಂಟರ್ನೆಟ್ ಸಿಗದು. ಅದನ್ನು Automatic ಮಾಡಿದರೆ ಮುಗಿಯಿತು.

ಅತ್ತಿಗೆಯ ಫೋನ್ ಸೇರುವ ಹಂತದಲ್ಲೇ ಸೋಲುತ್ತಿತ್ತು. ಇಂಥ ಕಡೆ ಅನುಮಾನ ಹೋಗುವುದು ಹಳೆಯ ನೆನಪಿನ ಮೇಲೆ. ಅಪ್‌ಡೇಟ್ ಎಂದರೆ ಸಿಸ್ಟಮ್ ಹೊಸದಾಗುತ್ತದೆ, ನಮ್ಮ ಡೇಟಾ ಹಳೆಯದೇ ಉಳಿಯುತ್ತದೆ. ನಾವು ಹಿಂದೆ ಸೇರಿದ ವೈಫೈಗಳ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಎಲ್ಲ ಒಂದು ಕಡತದಲ್ಲಿವೆ. ಹೊಸ ಸಿಸ್ಟಮ್ ಅದೇ ಹಳೆಯ ಕಡತವನ್ನು ಓದಬೇಕು. ಹೊಸ ಗುಮಾಸ್ತನ ಕೈಗೆ ಹಳೆಯ ಲೆಕ್ಕದ ಪುಸ್ತಕ ಕೊಟ್ಟ ಹಾಗೆ. ಎಲ್ಲೋ ಒಂದು ಸಾಲು ಅವನಿಗೆ ಹೊಂದದಿದ್ದರೆ ಕೆಲಸ ನಿಲ್ಲುತ್ತದೆ. ಫೋನನ್ನು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿಸಿದೆ, ಆಗಲಿಲ್ಲ. ಶಾಲೆಯ ವೈಫೈ ಒಂದನ್ನೇ Forget ಮಾಡಿಸಿ ಪಾಸ್‌ವರ್ಡ್ ಮತ್ತೆ ಹೊಡೆಸಿದೆ. ಅದು ಸೇರಿದ್ದರೆ ಒಂದೊಂದನ್ನೇ ಹೀಗೆ ಸರಿಮಾಡಬಹುದಿತ್ತು, ರೀಸೆಟ್ ಬೇಕಾಗುತ್ತಿರಲಿಲ್ಲ. ಸೇರಲಿಲ್ಲ. ಸರಿ, ರೀಸೆಟ್.

ಆಂಡ್ರಾಯ್ಡ್‌ನಲ್ಲಿ ಇದು ಅಳಿಸುವುದು ಹೆಸರು ಸೂಚಿಸುವುದಕ್ಕಿಂತ ಸ್ವಲ್ಪ ಹೆಚ್ಚು. ನೆನಪಿಟ್ಟ ಎಲ್ಲ ವೈಫೈಗಳೂ ಅವುಗಳ ಪಾಸ್‌ವರ್ಡುಗಳೂ ಹೋಗುತ್ತವೆ. ಬ್ಲೂಟೂತ್ ಜೋಡಣೆಗಳೆಲ್ಲ ಹೋಗುತ್ತವೆ. ಇಯರ್‌ಫೋನ್, ಕಾರಿನ ಸ್ಟೀರಿಯೊ, ಕೈಗಡಿಯಾರಗಳನ್ನು ಮತ್ತೆ ಪೇರ್ ಮಾಡಬೇಕು. ಇಂಟರ್ನೆಟ್ಟಿಗಾಗಿ ಸಿಮ್ ಬಳಸುವ ಎಪಿಎನ್ ಸೆಟ್ಟಿಂಗ್ ಫೋನಿಗೆ ಗೊತ್ತಿರುವ ಮೂಲ ರೂಪಕ್ಕೆ ಮರಳುತ್ತದೆ. ಕೈಯಾರೆ ಬರೆದ ಎಪಿಎನ್ ಇದ್ದರೆ ಮೊದಲೇ ಗುರುತು ಹಾಕಿಕೊಳ್ಳಬೇಕು. ರೀಸೆಟ್ ಆದಮೇಲೆ ಬಿಎಸ್ಸೆನ್ನೆಲ್ ಸಿಮ್ಮಿನಲ್ಲಿ ಡೇಟಾ ಬರದಿದ್ದರೆ ಅಲ್ಲಿ bsnlnet ಎಂದಿದೆಯೇ ನೋಡಿ. ಜಿಯೋಗೆ jionet, ಏರ್‌ಟೆಲ್‌ಗೆ airtelgprs.com. ಯಾರೂ ಹೇಳದ ಇನ್ನೊಂದು ಸಂಗತಿಯಿದೆ: ತಿಂಗಳಿಗೆ ಇಷ್ಟು ಜಿಬಿ ದಾಟಿದರೆ ಡೇಟಾ ನಿಲ್ಲಿಸು ಎಂದು ನಾವು ಹಾಕಿದ್ದ ಮಿತಿ, ಹಿನ್ನೆಲೆಯಲ್ಲಿ ಡೇಟಾ ಬಳಸಬೇಡ ಎಂದು ಆ್ಯಪ್‌ಗಳಿಗೆ ಹೇರಿದ್ದ ಕಟ್ಟಳೆ ಕೂಡ ಮಾಯವಾಗುತ್ತವೆ. ಮಕ್ಕಳ ಫೋನಿಗೆ ಮಿತಿ ಹಾಕಿದ ತಂದೆತಾಯಿ ಇದನ್ನು ನೆನಪಿಡಬೇಕು.

ಉಳಿಯುವುದು: ಫೋಟೋ, ವಿಡಿಯೊ, ಸಂಪರ್ಕ ಸಂಖ್ಯೆಗಳು, ಎಸ್ಸೆಮ್ಮೆಸ್, ಆ್ಯಪ್‌ಗಳು, ಅವುಗಳೊಳಗಿನ ಲಾಗಿನ್, ವಾಟ್ಸ್ಆ್ಯಪ್ ಮಾತುಕತೆ. ಯುಪಿಐ ಆ್ಯಪ್‌ಗಳ ನೋಂದಣಿ ಆ್ಯಪ್‌ನ ಡೇಟಾದೊಳಗಿರುವುದರಿಂದ ಅದಕ್ಕೂ ಧಕ್ಕೆಯಿಲ್ಲ, ಸಿಮ್ ಹಾಗೇ ಇದ್ದರೆ.

ಈ ‘ಸಿಮ್ ಹಾಗೇ ಇದ್ದರೆ’ ಎಂಬುದರಲ್ಲಿ ಅಪಾಯವಿದೆ. ಇ-ಸಿಮ್ ಇರುವ ಆಂಡ್ರಾಯ್ಡ್ ಫೋನುಗಳಲ್ಲಿ ರೀಸೆಟ್ ಪುಟದಲ್ಲೇ ಇ-ಸಿಮ್ ಅಳಿಸಬೇಕೇ ಎಂಬ ಚೌಕಟ್ಟು ಸಿಗುವುದುಂಟು. ಅದಕ್ಕೆ ಟಿಕ್ ಹಾಕಿದರೆ ಸಿಮ್ಮೇ ಹೋಯಿತು; ಮತ್ತೆ ಪಡೆಯಲು ಮೊಬೈಲ್ ಕಂಪನಿಯ ಬಾಗಿಲು ತಟ್ಟಬೇಕು, ಅಲ್ಲಿಯವರೆಗೆ ಓಟಿಪಿಯೂ ಇಲ್ಲ. ಟಿಕ್ ಇರದಂತೆ ನೋಡಿಕೊಳ್ಳಿ.

ಐಫೋನಿನಲ್ಲಿ ವಿವರ ತುಸು ಬೇರೆ. ವೈಫೈಗಳು, ಎಪಿಎನ್, ವಿಪಿಎನ್ ಹೋಗುವುದರ ಜೊತೆಗೆ ನೀವು ಇಟ್ಟಿದ್ದ ಫೋನಿನ ಹೆಸರು ಬರೀ iPhone ಆಗುತ್ತದೆ, ಕೈಯಾರೆ ನಂಬಿಕೆ ಕೊಟ್ಟಿದ್ದ ಪ್ರಮಾಣಪತ್ರಗಳು ನಂಬಿಕೆ ಕಳೆದುಕೊಳ್ಳುತ್ತವೆ, ರೋಮಿಂಗ್ ಡೇಟಾ ಆಫ್ ಆಗಬಹುದು. ಕಚೇರಿಯವರು ಪ್ರೊಫೈಲ್ ಮೂಲಕ ಹಾಕಿದ ಸೆಟ್ಟಿಂಗ್ ಉಳಿಯುತ್ತದೆ. ಜೊತೆಗೆ, ಪ್ರತಿ ವೈಫೈಗೂ ಐಫೋನ್ ತೋರಿಸುವ ಖಾಸಗಿ ವಿಳಾಸ ರೀಸೆಟ್ ನಂತರ ಬದಲಾಗುತ್ತದೆ. ಪಟ್ಟಿಯಲ್ಲಿರುವ ಫೋನುಗಳನ್ನಷ್ಟೇ ಒಳಬಿಡುವ ರೌಟರ್ ನಿಮ್ಮ ಹಳೆಯ ಫೋನನ್ನು ಅಪರಿಚಿತನಂತೆ ಹೊರಗೆ ನಿಲ್ಲಿಸಬಹುದು. ಆಂಡ್ರಾಯ್ಡ್ 10ರಿಂದೀಚೆಗೆ ಹೊಸದಾಗಿ ಸೇರಿಸಿದ ವೈಫೈಗೆ ಫೋನ್ ತಾನಾಗಿ ಇಂಥ ಬದಲಿ ವಿಳಾಸ ಬಳಸುತ್ತದೆ. ಆದ್ದರಿಂದ ಕಾಲೇಜು, ಕಚೇರಿಗಳಲ್ಲಿ ರೀಸೆಟ್ಟಿಗೆ ಮೊದಲು ಅಲ್ಲಿನ ಕಂಪ್ಯೂಟರ್ ವಿಭಾಗದವರನ್ನು ಒಂದು ಮಾತು ಕೇಳುವುದು ಲೇಸು.

ಅತ್ತಿಗೆಗೆ ಮನೆಯ ಪಾಸ್‌ವರ್ಡ್ ಗೊತ್ತಿರಲಿಲ್ಲ. ರೌಟರ್ ಕೂರಿಸಿದ ಹುಡುಗ ಹಾಕಿಕೊಟ್ಟದ್ದು. ವೈಫೈಗೆ ಸೇರದಿದ್ದರೂ ನೆನಪಿಟ್ಟ ನೆಟ್‌ವರ್ಕ್‌ಗಳ ಪಟ್ಟಿ ತೆರೆಯಬಹುದು. ಅಲ್ಲಿ ಹೆಸರನ್ನು ಒತ್ತಿ Share ಎಂದರೆ, ಬೆರಳಚ್ಚು ಅಥವಾ ಪಿನ್ ಕೇಳಿ, ಕ್ಯೂಆರ್ ಚಿತ್ರ ಬರುತ್ತದೆ; ಹಲವು ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡೂ ಅಕ್ಷರದಲ್ಲಿರುತ್ತದೆ. ಐಓಎಸ್ 16 ಅಥವಾ ಅದಕ್ಕಿಂತ ಹೊಸದಿರುವ ಐಫೋನಿನಲ್ಲಿ ವೈಫೈ ಪುಟದ Edit ಒತ್ತಿದರೆ ಇದೇ ಬಗೆಯ ಪಟ್ಟಿ ಸಿಗುತ್ತದೆ. ಅವರು ಮನೆ, ಶಾಲೆ ಎರಡರ ಪಾಸ್‌ವರ್ಡನ್ನೂ ಡೈರಿಯಲ್ಲಿ ಬರೆದುಕೊಂಡರು.

ಆಮೇಲೆ Settings, System, Reset options. ಸ್ಯಾಮ್‌ಸಂಗ್ ಆದರೆ General management ಒಳಗೆ Reset. ಐಫೋನಿನಲ್ಲಿ General, Transfer or Reset iPhone, Reset, Reset Network Settings. ಈಚಿನ ಆಂಡ್ರಾಯ್ಡ್‌ಗಳಲ್ಲಿ ಮೊಬೈಲ್ ನೆಟ್‌ವರ್ಕಿಗೆ ಒಂದು, ವೈಫೈ ಮತ್ತು ಬ್ಲೂಟೂತಿಗೆ ಇನ್ನೊಂದು ಎಂದು ಬೇರೆ ಮಾಡಿರುತ್ತಾರೆ. ನಮ್ಮ ತೊಂದರೆಗೆ ಎರಡನೆಯದು ಸಾಕು, ಎಪಿಎನ್ ಗೊಡವೆಯೇ ಬೇಡ. ಅತ್ತಿಗೆಯ ಫೋನಿನಲ್ಲಿ ಕೆಲಸ ಕ್ಷಣಮಾತ್ರದಲ್ಲಿ ಮುಗಿಯಿತು. ಪಾಸ್‌ವರ್ಡ್ ಹೊಡೆದ ಕೂಡಲೇ ಮನೆಯ ವೈಫೈ ಸೇರಿತು. ಆದರೂ ಕರೆ ಬರುತ್ತಿರಲಿಲ್ಲ. ನೋಡಿದರೆ ಸಿಮ್ ಪುಟದಲ್ಲಿ ವೈಫೈ ಕಾಲಿಂಗ್ ಆಫ್ ಆಗಿತ್ತು. ಅದನ್ನು ಹಾಕಿದ ಮೇಲೆಯೇ ಫೋನ್ ರಿಂಗಾದದ್ದು. ಮಲೆನಾಡಿನಲ್ಲಿ ಸಿಗ್ನಲ್ಲಿಲ್ಲದ ಮನೆಗಳವರು ರೀಸೆಟ್ ಆದಮೇಲೆ ಈ ಗುಂಡಿಯನ್ನು ತಪ್ಪದೆ ನೋಡಬೇಕು.

ರೀಸೆಟ್ ಒಮ್ಮೆ ಮಾಡಿ ಫಲ ಸಿಗದಿದ್ದರೆ ಮತ್ತೆ ಮತ್ತೆ ಮಾಡಿ ಲಾಭವಿಲ್ಲ. ಅಳಿಸಲು ಇನ್ನೇನೂ ಉಳಿದಿರುವುದಿಲ್ಲ. ಆಗ ತಪ್ಪು ಅಪ್‌ಡೇಟಿನೊಳಗಿದೆ ಅಥವಾ ಚಿಪ್ಪಿನಲ್ಲಿದೆ. ಮುಂದಿನ ಅಪ್‌ಡೇಟ್ ಬಂದಿದೆಯೇ ನೋಡಿ, ಮೊಬೈಲ್ ಡೇಟಾದಲ್ಲಿ ಅಥವಾ ಕಂಪ್ಯೂಟರಿನ ಮೂಲಕ ಹಾಕಿಕೊಳ್ಳಿ. ಇಲ್ಲದಿದ್ದರೆ ಫೋಟೋಗಳನ್ನು ಬೇರೆ ಕಡೆ ನಕಲು ಮಾಡಿಟ್ಟು ಸರ್ವಿಸ್ ಸೆಂಟರಿಗೆ ಹೋಗಿ, ಅಪ್‌ಡೇಟ್ ಯಾವ ದಿನ ಆಯಿತೆಂಬುದನ್ನು ಮೊದಲೇ ಹೇಳಿ.